ಪದ ಪರಿಚಯ: ಸಿಂಪ್ಲಿ ಸಪೋರ್ಟೆಡ್ ವೃತ್ತಾಕಾರದ ಪ್ಲೇಟಿನ ಗರಿಷ್ಠ ಬಾಗು ಮತ್ತು ಸ್ಟ್ರೆಸ್

ವೃತ್ತಾಕಾರದ ತೆಳು ಪ್ಲೇಟಿನ ಒಂದು ಮುಖದ ಮೇಲೆ ಎಲ್ಲೆಡೆ ಒಂದೇ ಸಮನಾದ ಒತ್ತಡ ಬಿದ್ದರೆ ಪ್ಲೇಟು ಎದುರು ಬದಿಗೆ ಉಬ್ಬುತ್ತದೆ. ಎಷ್ಟು ಉಬ್ಬೀತು, ಎಲ್ಲಿ ಹೆಚ್ಚು ಎಳೆತ ತಿಂದೀತು ಎಂಬುದು ಬಹುಮಟ್ಟಿಗೆ ಅದರ ಅಂಚನ್ನು ಹೇಗೆ ಹಿಡಿದಿದ್ದೇವೆ ಎಂಬುದರ ಮೇಲೆ ನಿಂತಿದೆ. ‘ಸಿಂಪ್ಲಿ ಸಪೋರ್ಟೆಡ್’ ಅಂದರೆ ಒತ್ತಡದ ದಿಕ್ಕಿನಲ್ಲಿ ಅಂಚು ಸರಿಯುವಂತಿಲ್ಲ, ಆದರೆ ಪ್ಲೇಟು ಬಾಗಿದಂತೆಲ್ಲ ಅಂಚು ಓರೆಯಾಗಲು ಯಾವ ಅಡ್ಡಿಯೂ ಇಲ್ಲ. ಈ ಸ್ಥಿತಿಯಲ್ಲಿ ಅತಿ ಹೆಚ್ಚಿನ ಬಾಗು, ಅತಿ ಹೆಚ್ಚಿನ ಸ್ಟ್ರೆಸ್ ಎರಡೂ ನಟ್ಟನಡುವೆಯೇ ಬರುತ್ತವೆ.

```
D = E·t³ / [12(1 − ν²)]
w = (5 + ν)·p·a⁴ / [64(1 + ν)·D]
σ = 3(3 + ν)·p·a² / (8·t²)
```

ಇಲ್ಲಿ w ನಡುವಿನ ಗರಿಷ್ಠ ಬಾಗು, σ ಗರಿಷ್ಠ ಸ್ಟ್ರೆಸ್, D ಬಾಗುವುದಕ್ಕೆ ಪ್ಲೇಟು ಒಡ್ಡುವ ಬಿಗಿತ, p ಒತ್ತಡ, t ದಪ್ಪ, a ಆಧಾರದ ವೃತ್ತದ ತ್ರಿಜ್ಯ. E ಮತ್ತು ν ಲೋಹದ ಗುಣಗಳು: E ಯಂಗ್ಸ್ ಮಾಡ್ಯುಲಸ್, ν ಪಾಯ್ಸನ್ ಅನುಪಾತ. ಉಕ್ಕಿಗೆ ν = 0.3 ಹಾಕಿದರೆ ಸೂತ್ರಗಳು ಇಷ್ಟಕ್ಕೆ ಇಳಿಯುತ್ತವೆ:

```
w = 0.696·p·a⁴ / (E·t³)
σ = 1.24·p·a² / t²
```

ಪುಣೆಯ ಭೋಸರಿ ಕಡೆಯ ವರ್ಕ್‌ಶಾಪುಗಳಲ್ಲಿ ಇಂಥ ಪ್ಲೇಟು ಪ್ರೆಶರ್ ಟೆಸ್ಟ್ ಫಿಕ್ಸ್ಚರಿನ ಮುಚ್ಚಳವಾಗಿ ಆಗಾಗ ಕಣ್ಣಿಗೆ ಬೀಳುತ್ತದೆ. ಒಳಗಿನಿಂದ ನೀರಿನ ಒತ್ತಡ, ಹೊರಗಡೆ ಅಂಚನ್ನು ತಡೆದು ನಿಲ್ಲಿಸುವ ಒಂದು ಕಿರಿದಾದ ರಿಂಗ್. ನಮ್ಮಲ್ಲಿ ಅಂಥದೊಂದು ಡ್ರಾಯಿಂಗ್ ಮಾಡುವಾಗ ವಿಜಯಪುರದ ಹುಡುಗನೊಬ್ಬ ಕೇಳಿದ: “6 ಎಂಎಂ ಪ್ಲೇಟ್ ಸ್ಟಾಕಿನ್ಯಾಗ ಐತ್ರಿ ಸರ, ಅದನ್ನ ಹಾಕೋಣೇನ್ರಿ?” ಲೆಕ್ಕ ಮಾಡಿಯೇ ಉತ್ತರ ಹೇಳಬೇಕಾದ ಪ್ರಶ್ನೆ ಇದು.

ರಿಂಗ್ ತಡೆಯುವ ವೃತ್ತದ ವ್ಯಾಸ 400 ಮಿಮೀ, ಹಾಗಾಗಿ a = 200. ಒತ್ತಡ 0.3 ಎಂಪಿಎ, ಅಂದರೆ ಸುಮಾರು 3 ಕೆಜಿ ಪ್ರೆಶರ್. ಸಾಮಾನ್ಯ ಮೈಲ್ಡ್ ಸ್ಟೀಲಿನ ಯೀಲ್ಡ್, ಅಂದರೆ ಲೋಹ ಕಾಯಂ ಬಾಗಲು ಶುರುವಾಗುವ ಸ್ಟ್ರೆಸ್, 250 ಎಂಪಿಎ, E ಅನ್ನು 2,00,000 ಎಂಪಿಎ ಎಂದಿಟ್ಟುಕೊಳ್ಳೋಣ. ಮೊದಲು 10 ಮಿಮೀ ದಪ್ಪ ನೋಡೋಣ. ಸ್ಟ್ರೆಸ್ ಸುಮಾರು 149 ಎಂಪಿಎ ಬರುತ್ತದೆ, ನಡುವಿನ ಬಾಗು 1.67 ಮಿಮೀ. ಯೀಲ್ಡಿಗೆ ಇನ್ನೂ ಸಾಕಷ್ಟು ಅಂತರವಿದೆ. ಅದೇ 6 ಮಿಮೀ ಹಾಕಿದರೆ ಸ್ಟ್ರೆಸ್ 413ಕ್ಕೆ ಹಾರುತ್ತದೆ, ಬಾಗು 7.7 ಮಿಮೀ. ದಪ್ಪ ಕಡಿಮೆಯಾದಾಗ ಸ್ಟ್ರೆಸ್ ಅದರ ವರ್ಗದ ಲೆಕ್ಕದಲ್ಲಿ ಏರಿದರೆ, ಬಾಗು ಘನದ ಲೆಕ್ಕದಲ್ಲಿ ಏರುತ್ತದೆ. 4 ಮಿಮೀ ಉಳಿಸಲು ಹೋದರೆ ಪ್ಲೇಟು ಬಟ್ಟಲಾಗುವುದು ಖಂಡಿತ.

ಆ 7.7 ಅನ್ನು ಮಾತ್ರ ನಿಜವಾದ ಅಳತೆ ಎಂದು ನಂಬಬಾರದು. ಬಾಗು ದಪ್ಪದ ಅರ್ಧಕ್ಕಿಂತ ಕಡಿಮೆ ಇರುವವರೆಗೆ ಮಾತ್ರ ಈ ಸೂತ್ರ ಸರಿಯಾಗಿ ನಡೆಯುತ್ತದೆ. ಅದನ್ನು ದಾಟಿದರೆ ಪ್ಲೇಟಿನ ಮಧ್ಯದ ಪದರವೂ ಎಳೆಯಲ್ಪಟ್ಟು ಹೊರೆಯಲ್ಲಿ ಪಾಲು ಹೊರುತ್ತದೆ, ಬಾಗು ಸೂತ್ರ ಹೇಳುವುದಕ್ಕಿಂತ ಕಡಿಮೆಯಾಗುತ್ತದೆ. ಮೇಲಾಗಿ ಇಲ್ಲಿ ಯೀಲ್ಡೂ ದಾಟಿದೆ.

ಲೆಕ್ಕ ಹೆಚ್ಚಾಗಿ ಕೆಡುವುದು a ಜಾಗದಲ್ಲಿ ವ್ಯಾಸವನ್ನು ಹಾಕಿದಾಗ. ಸ್ಟ್ರೆಸ್ ನಾಲ್ಕು ಪಟ್ಟಾಗುತ್ತದೆ, ಬಾಗು ಹದಿನಾರು ಪಟ್ಟು. ಇಷ್ಟು ದೊಡ್ಡ ಸಂಖ್ಯೆ ಬಂದರೆ ಕೂಡಲೇ ಗೊತ್ತಾಗಿಬಿಡುತ್ತದೆ. ಗೊತ್ತಾಗದೆ ನುಸುಳುವುದು ಅಂಚಿನ ಸ್ಥಿತಿ. ಅದೇ 10 ಮಿಮೀ ಪ್ಲೇಟಿನ ಅಂಚು ಒಂದಿಷ್ಟೂ ಓರೆಯಾಗದಂತೆ ಬಿಗಿಯಾಗಿದ್ದರೆ ಬಾಗು 0.41 ಮಿಮೀಗೆ ಇಳಿಯುತ್ತದೆ, ಸುಮಾರು ನಾಲ್ಕನೇ ಒಂದು ಭಾಗ. ಗರಿಷ್ಠ ಸ್ಟ್ರೆಸ್ 90 ಎಂಪಿಎ, ಅದೂ ನಡುವಿನಿಂದ ಅಂಚಿಗೆ ಸ್ಥಳಾಂತರವಾಗುತ್ತದೆ. ಹಾಗಾಗಿ ನಾಲ್ಕು ಬೋಲ್ಟು ಕಂಡ ಮಾತ್ರಕ್ಕೆ ಅಂಚು ಬಿಗಿಯಾಗಿದೆ ಎಂದು ಲೆಕ್ಕ ಹಾಕುವುದು ಅಪಾಯ. ಮೆತ್ತನೆ ಗ್ಯಾಸ್ಕೆಟ್ಟಿನ ಮೇಲೆ ಕೂತ ಅಂಚು ಓರೆಯಾಗಿಯೇ ಆಗುತ್ತದೆ. ಸಂಶಯವಿದ್ದಲ್ಲಿ ನಾನು ಸಿಂಪ್ಲಿ ಸಪೋರ್ಟೆಡ್ ಎಂದೇ ಹಿಡಿದು ದಪ್ಪ ನಿರ್ಧರಿಸುತ್ತೇನೆ.

ಇನ್ನೊಂದು ಮಾತು: ಸ್ಟ್ರೆಸ್ಸಿನ ಸೂತ್ರದಲ್ಲಿ E ಇಲ್ಲವೇ ಇಲ್ಲ. ಅದೇ ಅಳತೆಯ ಅಲ್ಯೂಮಿನಿಯಂ ಪ್ಲೇಟಿಗೂ ಸ್ಟ್ರೆಸ್ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ, ಬಾಗು ಮಾತ್ರ ಸುಮಾರು ಮೂರು ಪಟ್ಟು. ಸೀಲು ಸೋರುತ್ತಿದ್ದರೆ ಇದನ್ನು ನೆನಪಿಡಬೇಕು, ಏಕೆಂದರೆ ಬಾಗು ಹೆಚ್ಚಾದಷ್ಟೂ ಅಂಚು ಹೆಚ್ಚು ಓರೆಯಾಗಿ ಸೀಲಿನ ಹಿಡಿತ ಸಡಿಲಾಗುತ್ತದೆ.

ನಿಜಕ್ಕೂ ಅಂಚು ಯಾವ ಸ್ಥಿತಿಯಲ್ಲಿದೆ ಎಂದು ತಿಳಿಯಲು ಡಯಲ್ ಗೇಜ್ ಸಾಕು. ಒಂದನ್ನು ಹೊರಮುಖದ ನಡುವೆ, ಇನ್ನೊಂದನ್ನು ರಿಂಗಿನ ಪಕ್ಕದಲ್ಲೇ ಪ್ಲೇಟಿನ ಮೇಲೆ ಇಟ್ಟು, ಮೊದಲನೆಯದರಿಂದ ಎರಡನೆಯದನ್ನು ಕಳೆಯಬೇಕು. ಆಗ ಇಡೀ ಮುಚ್ಚಳ ಸರಿದದ್ದು ಲೆಕ್ಕದಿಂದ ಹೊರಹೋಗುತ್ತದೆ. ನಮ್ಮ 10 ಮಿಮೀ ಪ್ಲೇಟಿನಲ್ಲಿ 0.1 ಎಂಪಿಎಗೆ 0.56 ಮಿಮೀ ಹತ್ತಿರ ಬಂದರೆ ಅಂಚು ಮುಕ್ತವಾಗಿ ಓರೆಯಾಗುತ್ತಿದೆ, 0.14ರ ಹತ್ತಿರ ಬಂದರೆ ಬಿಗಿಯಾಗಿದೆ. ನಡುವಿನ ಅಂಕಿ ಬಂದರೆ ಅರೆಬಿಗಿ. ಪೂರ್ತಿ ಒತ್ತಡ ಕೊಟ್ಟು ಇಳಿಸಿದ ಮೇಲೆ ಮುಳ್ಳು ಸೊನ್ನೆಗೆ ಮರಳದೆ ನಿಂತರೆ, ಮತ್ತು ಗೇಜ್ ಸ್ಟ್ಯಾಂಡ್ ಅಲುಗಿಲ್ಲ ಎಂಬುದು ಖಾತ್ರಿಯಿದ್ದರೆ, ಪ್ಲೇಟು ಯೀಲ್ಡ್ ದಾಟಿ ಕಾಯಂ ಬಾಗಿದೆ. ಅದನ್ನು ಮತ್ತೆ ಫಿಕ್ಸ್ಚರಿಗೆ ಹಾಕಬಾರದು.