ರಾಯಲ್ಟಿ ಫ್ರೀ: ಪುಕ್ಕಟೆಯಲ್ಲದ ‘ಫ್ರೀ’

ಫೋನಿನಲ್ಲಿ ತೆಗೆದ ಫೋಟೊವನ್ನು ಅಡೋಬಿ ಸ್ಟಾಕ್, ಶಟರ್‌ಸ್ಟಾಕ್‌ನಂಥ ಜಾಲತಾಣಗಳಲ್ಲಿ ಮಾರಲು ಹೊರಟವರು ಮೊದಲು ಎಡವುವುದು ‘ರಾಯಲ್ಟಿ ಫ್ರೀ’ ಎಂಬ ಪದದಲ್ಲಿ. ಫೋಟೊವನ್ನು ಪುಕ್ಕಟೆ ಕೊಡಬೇಕೆಂದು ಇದರ ಅರ್ಥವಲ್ಲ. ಕೊಂಡವರು ಒಮ್ಮೆ ಹಣ ಕೊಟ್ಟರೆ ಸಾಕು, ಬಳಸಿದಾಗಲೆಲ್ಲ ಮತ್ತೆ ಕೊಡಬೇಕಿಲ್ಲ ಎಂದಷ್ಟೇ. ಹಕ್ಕುಸ್ವಾಮ್ಯ ನಿಮ್ಮದಾಗಿಯೇ ಉಳಿಯುತ್ತದೆ. ಅದೇ ಫೋಟೊ ಎಷ್ಟು ಜನರಿಗಾದರೂ ಮಾರಾಟವಾಗಬಹುದು. ಬಳಕೆಗೆ ಮಿತಿಯೂ ಉಂಟು. ಟೀ ಶರ್ಟಿನ ಮೇಲೆ ಅಚ್ಚು ಹಾಕಿ ಮಾರುವವರು ಹೆಚ್ಚಿನ ಬೆಲೆಯ ಬೇರೆ ಲೈಸೆನ್ಸ್ ಕೊಳ್ಳಬೇಕು.

ಫೋಟೊ ತೆಗೆಯುವಾಗಲೇ ಯೋಚಿಸಬೇಕಾದದ್ದು ಇನ್ನೊಂದು ಭೇದ: ಕಮರ್ಷಿಯಲ್ ಮತ್ತು ಎಡಿಟೋರಿಯಲ್. ಮೊದಲನೆಯದು ಜಾಹೀರಾತಿಗೆ, ಎರಡನೆಯದು ಸುದ್ದಿ, ಲೇಖನಗಳಿಗೆ.

ಒಂದು ಉದಾಹರಣೆ ನೋಡೋಣ. ಲ್ಯಾಪ್‌ಟಾಪ್ ಮುಂದೆ ಕುಳಿತ ಮಹಿಳೆ ನೋಯುವ ಸೊಂಟವನ್ನು ಹಿಡಿದುಕೊಂಡಿದ್ದಾರೆ, ಕಿಟಕಿಯ ಬೆಳಕು ಬಿದ್ದಿದೆ. ಇಂಥದ್ದಕ್ಕೆ ಬೇಡಿಕೆಯಿದೆ, ಏಕೆಂದರೆ ಆರೋಗ್ಯದ ಬಗ್ಗೆ ಬರೆಯುವವರಿಗೆ ಹೇಳಬೇಕಾದ ಮಾತು ಅದರಲ್ಲೇ ಇದೆ. ಪಕ್ಕದಲ್ಲಿ ಖಾಲಿ ಗೋಡೆ ಬಿಟ್ಟರೆ ಶೀರ್ಷಿಕೆಗೂ ಜಾಗ ಸಿಗುತ್ತದೆ. ಸೂರ್ಯಾಸ್ತದ ಫೋಟೊಗಳು ಲಕ್ಷಾಂತರ ಇವೆ, ಅವುಗಳ ನಡುವೆ ನಿಮ್ಮದು ಕಾಣುವುದು ಕಷ್ಟ.

ಆಕೆಯ ಗುರುತು ಸಿಗುವಂತಿದ್ದರೆ ಕಮರ್ಷಿಯಲ್ ಬಳಕೆಗೆ ಸಹಿ ಮಾಡಿದ ಮಾಡೆಲ್ ರಿಲೀಸ್, ಅಂದರೆ ಒಪ್ಪಿಗೆಪತ್ರ, ಬೇಕೇ ಬೇಕು. ನಿಮ್ಮದೇ ಮುಖವಾದರೂ ನೀವೇ ಸಹಿ ಹಾಕಿ ಕೊಡಬೇಕು. ಲ್ಯಾಪ್‌ಟಾಪಿನ ಲೋಗೊ, ಗೋಡೆಯ ಮೇಲೆ ಬೇರೆಯವರು ಬರೆದ ಚಿತ್ರ ಚೌಕಟ್ಟಿನಲ್ಲಿ ಬರಬಾರದು. ಒಪ್ಪಿಗೆಪತ್ರ ಇಲ್ಲದಿದ್ದರೆ ಎಡಿಟೋರಿಯಲ್ ಎಂದು ಹಾಕೋಣ ಎನ್ನುವವರಿದ್ದಾರೆ. ಆದರೆ ಹೇಳಿ ಕೂರಿಸಿ ತೆಗೆದ ದೃಶ್ಯಕ್ಕೆ ಸುದ್ದಿಯ ಮೌಲ್ಯ ಇಲ್ಲ. ಹೀಗಾಗಿ ಅದು ಅಲ್ಲಿಯೂ ತಿರಸ್ಕೃತವಾಗುವುದೇ ಹೆಚ್ಚು.

ಇನ್ನು ಕೀವರ್ಡ್. ಅಡೋಬಿ ಸ್ಟಾಕ್ ಒಂದು ಫೋಟೊಗೆ 49ರವರೆಗೆ ಕೀವರ್ಡ್ ಹಾಕಲು ಬಿಡುತ್ತದೆ, ಆದರೆ ಮೊದಲ 10ಕ್ಕೇ ಹೆಚ್ಚಿನ ತೂಕ. ಆದ್ದರಿಂದ ಕೊಳ್ಳುವವರು ಹುಡುಕಲು ಬಳಸುವ ಪದಗಳೇ ಮುಂದಿರಲಿ:

```
back pain, woman, laptop, sitting, posture, desk
```

ಕಿಟಕಿ, ಗೋಡೆ, ಅಂಗಿಯ ಬಣ್ಣ ಕೊನೆಗಿರಲಿ. ಚಿತ್ರದಲ್ಲಿ ವೈದ್ಯರಿಲ್ಲದೆ `doctor` ಎಂದು ಹಾಕಬೇಡಿ. ವೈದ್ಯರನ್ನು ಹುಡುಕಿ ಬಂದವರು ನಿಮ್ಮ ಫೋಟೊವನ್ನು ದಾಟಿ ಹೋಗುತ್ತಾರೆ, ಜಾಲತಾಣದ ಪರಿಶೀಲಕರೂ ಅದನ್ನು ತಪ್ಪೆಂದೇ ಎಣಿಸುತ್ತಾರೆ.

ಕಳಿಸುವ ಮುನ್ನ ಗಾತ್ರ ನೋಡಿಕೊಳ್ಳಿ. ಅಡೋಬಿ ಸ್ಟಾಕ್, ಶಟರ್‌ಸ್ಟಾಕ್ ಎರಡೂ ಕನಿಷ್ಠ 4 ಮೆಗಾಪಿಕ್ಸೆಲ್ ಕೇಳುತ್ತವೆ. 12 ಮೆಗಾಪಿಕ್ಸೆಲ್ ಫೋಟೊದ ಅಗಲವನ್ನೂ ಎತ್ತರವನ್ನೂ ಅರ್ಧಕ್ಕೆ ಕತ್ತರಿಸಿದರೆ ಉಳಿಯುವುದು 3 ಮಾತ್ರ. ಪೋರ್ಟ್ರೇಟ್ ಮೋಡ್‌ನಲ್ಲಿ ತೆಗೆದಿದ್ದರೆ ಪೂರ್ತಿ ಹಿಗ್ಗಿಸಿ ಕೂದಲಿನ ಅಂಚನ್ನು ಗಮನಿಸಿ: ಎಳೆಗಳು ಹಿನ್ನೆಲೆಯ ಮಸುಕಿನಲ್ಲಿ ಕರಗಿಹೋಗಿದ್ದರೆ ಆ ಮೋಡ್ ಇಲ್ಲದೆ ಇನ್ನೊಮ್ಮೆ ತೆಗೆಯಿರಿ.