ಇಳಿಜಾರು ಸಿಗದ ಎ.ಸಿ. ಡ್ರೇನ್: ಮಿನಿ ಪಂಪ್ ಮತ್ತು ಫ್ಲೋಟ್ ಸ್ವಿಚ್

ಬಳ್ಳಾರಿಯ ಒಂದು ಜೀನ್ಸ್ ಹೊಲಿಗೆ ಘಟಕವನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಅದರ ಆಫೀಸ್ ಕೋಣೆ ಕಟ್ಟಡದ ನಟ್ಟನಡುವೆ ಇದೆ, ಹೊರಗೋಡೆ 9 ಮೀಟರ್ ದೂರ. ದಾರಿಯಲ್ಲಿ ಎರಡು ಬಾಗಿಲು ಬರುವುದರಿಂದ 1.5 ಟನ್ ಸ್ಪ್ಲಿಟ್ ಎ.ಸಿ.ಯ ನೀರನ್ನು ಗೋಡೆಗುಂಟ ಇಳಿಸಲಾಗದು. ನೀರು ಮೊದಲು ಒಂದೂವರೆ ಮೀಟರ್ ಮೇಲೇರಿ ಫಾಲ್ಸ್ ಸೀಲಿಂಗ್ ಸೇರಬೇಕು.

ಇಲ್ಲಿ ಹಲವರು ಮಿನಿ ಪಂಪ್‌ನ ಸಣ್ಣ ಟ್ಯೂಬನ್ನೇ ಹೊರಗೋಡೆಯವರೆಗೆ ಎಳೆಯುತ್ತಾರೆ. ಅದಕ್ಕಿಂತ, ಪಂಪ್‌ಗೆ ಮೇಲೇರಿಸುವ ಕೆಲಸವನ್ನಷ್ಟೇ ಕೊಡುವುದು ಒಳ್ಳೆಯದು. 6 ಮಿ.ಮೀ. ಒಳವ್ಯಾಸದ ಟ್ಯೂಬ್ ನೇರವಾಗಿ ಮೇಲೇರಲಿ, ಅಲ್ಲಿಂದ ಮುಂದೆ 25 ಮಿ.ಮೀ. ಪಿವಿಸಿ ಪೈಪ್‌ ಮೀಟರ್‌ಗೆ 1 ಸೆಂ.ಮೀ. ಇಳಿಜಾರಿನಲ್ಲಿ ಹೋಗಲಿ. 9 ಮೀಟರ್‌ಗೆ 9 ಸೆಂ.ಮೀ. ಇಳಿದರೆ ಸಾಕು. ಟ್ಯೂಬ್ ಪಿವಿಸಿ ಒಳಗೆ ಸೇರುವಲ್ಲಿ ಗಾಳಿಯಾಡಲು ಸಂದು ಬಿಡಿ, ಮುಚ್ಚಿ ಅಂಟಿಸಬೇಡಿ. ಮುಚ್ಚಿದರೆ, ಅಥವಾ ಸಣ್ಣ ಟ್ಯೂಬನ್ನೇ ಯೂನಿಟ್‌ಗಿಂತ ಕೆಳಗೆ ಇಳಿಸಿದರೆ, ಪಂಪ್ ನಿಂತ ಮೇಲೂ ನೀರು ಸೈಫನ್ ಆಗಿ ಎಳೆದುಕೊಂಡು ಹೋಗುತ್ತದೆ. ಆಗ ಪಂಪ್ ನೀರೆಳೆಯುವ ಪುಟ್ಟ ತೊಟ್ಟಿ ಪೂರ್ತಿ ಬರಿದಾಗಿ, ಪಂಪ್ ಪ್ರತಿ ಸಲ ಗಾಳಿ ಎಳೆದು ಗೊರಗೊರ ಸದ್ದು ಮಾಡುತ್ತದೆ.

ಫ್ಲೋಟ್ ಇರುವ ಈ ಪುಟ್ಟ ತೊಟ್ಟಿ ಯೂನಿಟ್‌ನ ಟ್ರೇ ಕೆಳಗೆ ಕೂರುತ್ತದೆ. ಅದು ಮಟ್ಟಸವಾಗಿರಬೇಕು. ಓರೆಯಾದರೆ ಫ್ಲೋಟ್ ಒಂದು ಬದಿಗೆ ಒರಗಿ ಸಿಕ್ಕಿಕೊಳ್ಳುತ್ತದೆ. ತೊಟ್ಟಿಯ ಗಾಳಿನಳಿಕೆಯ ತುದಿ ಟ್ರೇಗಿಂತ ಮೇಲಿದ್ದು, ತೆರೆದೇ ಇರಲಿ. ಅದು ಮಡಚಿಕೊಂಡರೆ ತೊಟ್ಟಿಯ ಗಾಳಿ ಹೊರಹೋಗದೆ ನೀರು ಒಳಗಿಳಿಯುವುದಿಲ್ಲ, ಪಂಪ್ ಸರಿಯಿದ್ದರೂ ಟ್ರೇ ತುಂಬಿ ಸೋರುತ್ತದೆ. ಇನ್ನು ನಾನ್-ರಿಟರ್ನ್ ವಾಲ್ವ್. 6 ಮಿ.ಮೀ. ಟ್ಯೂಬ್‌ನ ಒಂದು ಮೀಟರಲ್ಲಿ ಸುಮಾರು 28 ಮಿ.ಲೀ. ನೀರು ಇರುತ್ತದೆ. ವಾಲ್ವ್ ಇಲ್ಲದಿದ್ದರೆ ಏರಿದ ಒಂದೂವರೆ ಮೀಟರ್‌ನ 40 ಮಿ.ಲೀ.ಗೂ ಹೆಚ್ಚು ನೀರು ಪಂಪ್ ನಿಂತ ಕೂಡಲೇ ವಾಪಸ್ ಬಂದು ಪುಟ್ಟ ತೊಟ್ಟಿ ತುಂಬುತ್ತದೆ, ಪಂಪ್ ಮತ್ತೆ ಶುರುವಾಗುತ್ತದೆ. ಪಂಪ್ ಬಿಡುವಿಲ್ಲದೆ ಆನ್-ಆಫ್ ಆಗುತ್ತಿದ್ದರೆ ಮೊದಲು ಇದನ್ನೇ ನೋಡಿ.

ಫ್ಲೋಟ್‌ಗೆ ಮೂರು ಮಟ್ಟಗಳಿವೆ: ಕೆಳಗಿನದು ಪಂಪ್ ನಿಲ್ಲಿಸುತ್ತದೆ, ನಡುವಿನದು ಓಡಿಸುತ್ತದೆ, ಮೇಲಿನದು ಅಪಾಯದ್ದು. ಮೇಲಿನ ಮಟ್ಟ ಮುಟ್ಟಿದಾಗ ಪಂಪ್‌ನ ಅಲಾರಂ ಕಾಂಟ್ಯಾಕ್ಟ್ ತೆರೆದು ಕಂಪ್ರೆಸರ್ ನಿಲ್ಲಿಸಬೇಕು, ಏಕೆಂದರೆ ಕಂಪ್ರೆಸರ್ ನಿಂತರಷ್ಟೇ ಹೊಸ ನೀರು ಹುಟ್ಟುವುದು ನಿಲ್ಲುತ್ತದೆ. ಈ ಕಾಂಟ್ಯಾಕ್ಟ್‌ನ ವೈರನ್ನು ಜೋಡಿಸದೆ ಟೇಪ್ ಸುತ್ತಿ ಬಿಟ್ಟರೆ, ಫ್ಲೋಟ್ ಇದ್ದೂ ಇಲ್ಲದಂತೆ.

ಇನ್ವರ್ಟರ್ ಎ.ಸಿ. ಆದರೆ ಒಳ-ಹೊರ ಯೂನಿಟ್‌ಗಳ ನಡುವಿನ ಸಿಗ್ನಲ್ ವೈರನ್ನು ಕತ್ತರಿಸಿ, ಈ ಕಾಂಟ್ಯಾಕ್ಟ್ ಮೂಲಕ ಹಾಯಿಸುವುದು ರೂಢಿ. ಸಿಗ್ನಲ್ ಕಡಿದರೆ ಕಂಪ್ರೆಸರ್ ನಿಂತು, ಡಿಸ್‌ಪ್ಲೇ ಮೇಲೆ ಎರರ್ ಬರುತ್ತದೆ. ಹಳೆಯ ಫಿಕ್ಸೆಡ್ ಸ್ಪೀಡ್ ಯಂತ್ರದಲ್ಲಿ ಕಂಪ್ರೆಸರ್‌ನ ಕರೆಂಟನ್ನೇ ಈ ಕಾಂಟ್ಯಾಕ್ಟ್‌ನಲ್ಲಿ ಹಾಯಿಸಬಾರದು. ಮೂರರಿಂದ ಐದು ಆಂಪಿಯರ್ ತಡೆಯುವ ಪುಟ್ಟ ಕಾಂಟ್ಯಾಕ್ಟ್ ಸುಟ್ಟು ಅಂಟಿಕೊಂಡರೆ ಅದು ಮತ್ತೆಂದೂ ತೆರೆಯದು. ಒಂದು ಕಾಂಟ್ಯಾಕ್ಟರ್ ಹಾಕಿ, ಅದರ ಕಾಯಿಲ್‌ ಅನ್ನು ಮಾತ್ರ ಅಲಾರಂ ಮೂಲಕ ಓಡಿಸಿ. ಪಂಪ್‌ಗೆ ಫೇಸ್ ಯಾವಾಗಲೂ ಇರುವ ಸಪ್ಲೈಯಿಂದಲೇ ಬರಬೇಕು. ಕಂಪ್ರೆಸರ್ ಲೈನ್‌ನಿಂದ ಕೊಟ್ಟರೆ, ಕಂಪ್ರೆಸರ್ ನಿಂತಾಗ ಒಳ ಯೂನಿಟ್‌ನ ಕೂಲಿಂಗ್ ಕಾಯಿಲ್‌ನಿಂದ ತೊಟ್ಟಿಕ್ಕುವ ನೀರನ್ನು ಎತ್ತುವವರಿಲ್ಲ.

ಪರೀಕ್ಷೆಯ ವಿಷಯದಲ್ಲಿ ನಮ್ಮ ಊರಿನ ಹವೆ ಮೋಸ ಮಾಡುತ್ತದೆ. ಮೇ ತಿಂಗಳ ಒಣ ಗಾಳಿಯಲ್ಲಿ ಎ.ಸಿ.ಯಿಂದ ನೀರು ಬರುವುದೇ ಕಡಿಮೆ, ಆಗ ಸೋರದ ಕೆಲಸ ಮಳೆಗಾಲದ ತೇವದಲ್ಲಿ ಸೋರಬಹುದು. ಆದ್ದರಿಂದ ಬಾಟಲಿಯಿಂದ ಟ್ರೇಗೆ ನೀರು ಸುರಿದೇ ನೋಡಬೇಕು. ಪಂಪ್ ಸತತವಾಗಿ ಓಡುವಂತೆ ಸುರಿಯುತ್ತಾ, ಟ್ಯೂಬ್ ತುದಿಯಲ್ಲಿ ಒಂದು ನಿಮಿಷದ ನೀರನ್ನು ಹಿಡಿದು ಅಳೆಯಿರಿ. 1.5 ಟನ್ ಯಂತ್ರ ತೇವದ ದಿನ ಗಂಟೆಗೆ ಸುಮಾರು 2 ಲೀಟರ್ ಕೊಡಬಹುದು, ಪಂಪ್‌ಗೆ ಅದರ ಎರಡು-ಮೂರು ಪಟ್ಟು ಶಕ್ತಿ ಬೇಕು. ನಿಮಿಷಕ್ಕೆ 100 ಮಿ.ಲೀ. ಎಂದರೆ ಗಂಟೆಗೆ 6 ಲೀಟರ್, ಇಷ್ಟಾದರೆ ನಿಶ್ಚಿಂತೆ. ಡಬ್ಬಿಯ ಮೇಲಿನ ದೊಡ್ಡ ಸಂಖ್ಯೆ ಎತ್ತರವೇ ಇಲ್ಲದಾಗಿನದು, ಏರಿದಷ್ಟೂ ಅದು ಇಳಿಯುತ್ತದೆ.

ಆಮೇಲೆ ಎ.ಸಿ. ಓಡುತ್ತಿರುವಾಗ ಟ್ಯೂಬನ್ನು ಬೆರಳಿಂದ ಒತ್ತಿ ಹಿಡಿದು ನೀರು ಸುರಿಯಿರಿ. ಹೊರ ಯೂನಿಟ್ ನಿಲ್ಲಬೇಕು. ಕೊನೆಗೆ, ಮೇನ್ ಆಫ್ ಮಾಡಿ ಪಂಪ್‌ನ ಫ್ಯೂಸ್ ಮಾತ್ರ ತೆಗೆದು, ಮತ್ತೆ ಆನ್ ಮಾಡಿ ಇದನ್ನೇ ನೋಡಿ. ಕೆಲವು ಪಂಪ್‌ಗಳ ಅಲಾರಂ ಕರೆಂಟ್ ಇಲ್ಲದಾಗ ಕೆಲಸ ಮಾಡುವುದಿಲ್ಲ, ಅಂಥಲ್ಲಿ ಟ್ರೇನಲ್ಲಿ ಬೇರೆಯದೇ ಸಾದಾ ಫ್ಲೋಟ್ ಸ್ವಿಚ್ ಹಾಕುವುದು ಕ್ಷೇಮ.

ಹೊಲಿಗೆ ಘಟಕದಲ್ಲಿ ಬಟ್ಟೆಯ ನೂಲುಧೂಳು ಕಾಯಿಲ್ ಮೂಲಕ ಟ್ರೇಗೆ ಬಂದು, ಲೋಳೆಯ ಜೊತೆ ಸೇರಿ ತೊಟ್ಟಿಯ ಜಾಲರಿಯಲ್ಲಿ ಕಟ್ಟಿಕೊಳ್ಳುತ್ತದೆ. ಕಬ್ಬಿಣದ ಪುಡಿ ಹಾರುವ ಕಡೆ ಅದು ಫ್ಲೋಟ್‌ನ ಅಯಸ್ಕಾಂತಕ್ಕೆ ಹತ್ತಿ ತೂಕ ಹೆಚ್ಚಿಸುತ್ತದೆ. ಮೂರು ತಿಂಗಳಿಗೊಮ್ಮೆ ತೊಟ್ಟಿ ಬಿಚ್ಚಿ ಜಾಲರಿ, ಫ್ಲೋಟ್ ಎರಡನ್ನೂ ತೊಳೆಯಿರಿ. ವಾಪಸ್ ಹಾಕುವಾಗ ಫ್ಲೋಟ್‌ ತೆಗೆಯುವ ಮುನ್ನ ಯಾವ ಮುಖ ಮೇಲಿತ್ತೋ ಅದೇ ಮೇಲಿರಲಿ, ತಿರುವಿ ಹಾಕಿದರೆ ಸೆನ್ಸರ್ ಅಯಸ್ಕಾಂತವನ್ನು ಸರಿಯಾದ ಮಟ್ಟದಲ್ಲಿ ಗುರುತಿಸುವುದಿಲ್ಲ.