ಘಾಟಿಯಲ್ಲಿ ಹೋದ ಹತ್ತು ಮೂಟೆ

ಮಡಿಕೇರಿಯ ಕರಿಮೆಣಸು ವ್ಯಾಪಾರಿಯೊಬ್ಬರು ಪುಸ್ತಕ ಹಿಡಿದು ಬಂದರು. ‘ಸಾರ್, ಮಂಗಳೂರಿನ ಏಜೆಂಟರ ಸಹವಾಸ ಸಾಕು. ಒಂದೂಕಾಲು ಲಕ್ಷಕ್ಕೂ ಜಾಸ್ತಿ ಲಾಸು’ ಅಂದರು. ಪುಸ್ತಕ ನೋಡಿದರೆ ತಪ್ಪು ಏಜೆಂಟರದ್ದಲ್ಲ, ಭಾಗಾಕಾರದ್ದು. ಅಂಕಿಗಳನ್ನು ಕೊಂಚ ದುಂಡಗೆ ಮಾಡಿ ಹೇಳುತ್ತೇನೆ.

ಇವರು ಕನ್‌ಸೈನ್‌ಮೆಂಟ್ ಮೇಲೆ, ಅಂದರೆ ಮಾಲು ತಮ್ಮದೇ ಆಗಿ ಉಳಿದು ಏಜೆಂಟರು ಕಮಿಷನ್‌ಗೆ ಮಾರಿಕೊಡುವ ಹಾಗೆ, ಕಳಿಸಿದ್ದು 100 ಮೂಟೆ, ಮೂಟೆಗೆ 30,000 ರೂಪಾಯಿ. ಲಾರಿ ಬಾಡಿಗೆ, ಲೋಡಿಂಗ್, ವಿಮೆ ಸೇರಿ 50,000. ಸಂಪಾಜೆ ಘಾಟಿಯಲ್ಲಿ ಟಾರ್ಪಾಲು ಹರಿದು, ಮಳೆಗೆ 10 ಮೂಟೆ ಪೂರ್ತಿ ಹಾಳಾಯಿತು. ಉಳಿದ 90 ಮೂಟೆ ಇಳಿಸಿ ಗೋದಾಮಿಗೆ ಸೇರಿಸಲು ಏಜೆಂಟರಿಗೆ 18,000 ಖರ್ಚು. 70 ಮೂಟೆ ತಲಾ 34,000ಕ್ಕೆ ಹೋಯಿತು, 20 ಉಳಿಯಿತು. ಏಜೆಂಟರ ಕಮಿಷನ್ 1,19,000, ಗೋದಾಮು ಬಾಡಿಗೆ 9,000.

ನಮ್ಮ ವ್ಯಾಪಾರಿ ಮಾಲಿನ ಬೆಲೆ, ಸಾಗಣೆ, ಇಳಿಸಿದ ಕೂಲಿ ಎಲ್ಲವನ್ನೂ ಕೂಡಿ 90ರಿಂದ ಭಾಗಿಸಿದ್ದರು. ಮೂಟೆಗೆ ಸುಮಾರು 34,089 ಬಿತ್ತು. ಮಾರಿದ್ದೇ 34,000ಕ್ಕೆ, ಲಾಭ ಎಲ್ಲಿಂದ ಬರಬೇಕು?

ಮೆಣಸು ದಾರಿಯಲ್ಲಿ ಒಣಗಿ ತೂಕ ಇಳಿದಿದ್ದರೆ ಈ ಲೆಕ್ಕ ಸರಿ. ಅದು ಸಹಜ ನಷ್ಟ, ಉಳಿದ ಮಾಲೇ ಹೊರಬೇಕು. ಟಾರ್ಪಾಲು ಹರಿಯುವುದು ವ್ಯಾಪಾರದ ಮಾಮೂಲು ಅಲ್ಲ, ಅಲ್ವಾ? ಅಸಹಜ ನಷ್ಟವನ್ನು ಬೇರೆಯೇ ತೆಗೆದಿಡಬೇಕು.

ಎಷ್ಟಕ್ಕೆ? ಆ ಮೂಟೆಗಳು ಹಾಳಾಗುವ ಹೊತ್ತಿಗೆ ಅವುಗಳ ಮೇಲೆ ಎಷ್ಟು ಖರ್ಚು ಬಿದ್ದಿತ್ತೋ ಅಷ್ಟಕ್ಕೆ. 30,000ಕ್ಕೆ ಸಾಗಣೆಯ ಪಾಲು 500 ಸೇರಿಸಿ 30,500. ಹತ್ತಕ್ಕೆ 3,05,000. ಮಂಗಳೂರಿನ ಕೂಲಿ ಇದರಲ್ಲಿ ಬರುವುದಿಲ್ಲ; ಆ ಮೂಟೆಗಳನ್ನು ಅಲ್ಲಿ ಯಾರೂ ಇಳಿಸಿಕೊಳ್ಳಲೇ ಇಲ್ಲವಲ್ಲ! ಈ ಮೊತ್ತವನ್ನು ಅಸಹಜ ನಷ್ಟ ಖಾತೆಗೆ ಖರ್ಚು ಹಾಕಿ, ಕನ್‌ಸೈನ್‌ಮೆಂಟ್ ಖಾತೆಗೆ ಜಮಾ ಮಾಡಬೇಕು. ವಿಮೆಯವರು 2,50,000 ಒಪ್ಪಿದ್ದರು. ಮಿಕ್ಕ 55,000 ಲಾಭ-ನಷ್ಟ ಖಾತೆಗೆ ಹೋಯಿತು.

ಉಳಿದ 20 ಮೂಟೆಯ ಕಥೆ ಬೇರೆ. ಅವು ಗೋದಾಮಿನವರೆಗೆ ಬಂದಿವೆ. ಹಾಗಾಗಿ 18,000ವನ್ನು 90ರಿಂದ ಭಾಗಿಸಿ ಬರುವ 200ನ್ನೂ ಹೊರುತ್ತವೆ: ಮೂಟೆಗೆ 30,700, ಒಟ್ಟು 6,14,000. ಇಲ್ಲಿ 100ರಿಂದ ಭಾಗಿಸುವವರೂ ಇದ್ದಾರೆ, ಅದು ತಪ್ಪು. ಕಮಿಷನ್, ಗೋದಾಮು ಬಾಡಿಗೆ ಮಾತ್ರ ಸ್ಟಾಕಿಗೆ ಸೇರಿಸಬೇಡಿ; ಅವು ಮಾಲು ಬಂದು ಸೇರಿದ ಮೇಲಿನ, ಮಾರಾಟದ ಖರ್ಚು. ವರ್ಷದ ಕೊನೆಗೆ ಮಾರಿದರೆ ಕೈಗೆ ಸಿಗುವ ಬೆಲೆ 30,700ಕ್ಕಿಂತ ಕೆಳಗಿದ್ದರೆ ಆ ಕಡಿಮೆ ಬೆಲೆಯನ್ನೇ ಹಿಡಿಯಬೇಕು.

ಹೀಗೆ ಬರೆದಾಗ ಕನ್‌ಸೈನ್‌ಮೆಂಟ್ ಖಾತೆಯಲ್ಲಿ 1,03,000 ಲಾಭ ಬಂತು. ಹಳೆಯ ಲೆಕ್ಕದಲ್ಲಿ 1,34,000 ಚಿಲ್ಲರೆ ನಷ್ಟ ಕಂಡಿತ್ತು, ಜೊತೆಗೆ ಉಳಿದ ಸ್ಟಾಕಿನ ಬೆಲೆಯೂ 67,778 ಉಬ್ಬಿತ್ತು. ವ್ಯಾಪಾರಿ ಅಲ್ಲಿಂದಲೇ ಏಜೆಂಟರಿಗೆ ಫೋನ್ ಹಚ್ಚಿ, ಮುಂದಿನ ಲೋಡು ಯಾವಾಗ ಕಳಿಸಲಿ ಎಂದು ಕೇಳಿದರು.